‘ಪೋಕೊ’ ಎಂದರೆ ಎಷ್ಟು

ಮೈಸೂರಿನ ಹೆಬ್ಬಾಳದ ನೂಲಿನ ಕಾರ್ಖಾನೆಯಲ್ಲಿ ಯಶೋಧಾ ಇಪ್ಪತ್ತಾರು ವರ್ಷ ಕೆಲಸ ಮಾಡಿದಳು. ಅವಳು ಸೇರಿದ ಎರಡನೆಯ ವರ್ಷವೇ ಇಟಲಿಯಿಂದ ಹನ್ನೆರಡು ನೂಲು ಸುತ್ತುವ ಯಂತ್ರಗಳು ಬಂದವು. ಅವುಗಳ ಜೊತೆ ನಾಲ್ಕು ದಪ್ಪ ಪುಸ್ತಕಗಳೂ ಬ್ರೂನೋ ಎಂಬ ಮೆಕ್ಯಾನಿಕ್ಕೂ ಬಂದರು. ಪುಸ್ತಕಗಳೆಲ್ಲ ಇಟಾಲಿಯನ್ ಭಾಷೆಯವು. ಬ್ರೂನೋಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಿ.ಎಸ್ಸಿ. ಓದಿದವಳು ಅನ್ನುವ ಒಂದೇ ಕಾರಣಕ್ಕೆ ಯಶೋಧಾಳನ್ನು ಅವನ ಜೊತೆ ಹಾಕಿದರು. ಹನ್ನೊಂದು ತಿಂಗಳು ಅವನ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡಿದಳು. ಅವನು ಕೈಯಿಟ್ಟ ಪ್ರತಿಯೊಂದು ಭಾಗದ ಹೆಸರನ್ನೂ ಮಾಡಿದ ಪ್ರತಿಯೊಂದು ಕೆಲಸದ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವನು ಊರಿಗೆ ಹೊರಟಾಗ ಅವಳಿಗೆ ಇಟಾಲಿಯನ್ ಓದಲು ಬರುತ್ತಿತ್ತು. ಆಮೇಲೆ ನಿಘಂಟು ತರಿಸಿ, ವ್ಯಾಕರಣ ಕಲಿತು, ನಾಲ್ಕೂ ಪುಸ್ತಕಗಳನ್ನು ಕನ್ನಡಕ್ಕೆ ತಂದಳು. ಯಂತ್ರ ನಡೆಸುವವರು ಓದಲೆಂದು ಅವನ್ನು ಕಾರ್ಡುಗಳ ಮೇಲೆ ಬರೆದು, ಒಂದೊಂದು ಯಂತ್ರಕ್ಕೂ ಅಂಟಿಸಿದಳು.

ಆ ಕಾರ್ಡುಗಳಿಗೆ ಮೂರು ಕಾಲಂ. ಮೊದಲನೆಯದರಲ್ಲಿ ಇಟಾಲಿಯನ್ ಮಾತು, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ಸಂಖ್ಯೆ. ಮೂರನೆಯದು ಸೇರಿದ್ದಕ್ಕೆ ಒಂದು ಕಾರಣವಿತ್ತು. ಶುರುವಿನಲ್ಲಿ ಒಂದು ಕಡೆ ಪುಸ್ತಕದಲ್ಲಿದ್ದಂತೆಯೇ ‘ತಿರುಪನ್ನು ಸ್ವಲ್ಪ ಬಿಗಿ ಮಾಡಿ’ ಎಂದು ಬರೆದಿದ್ದಳು. ಮಹೇಂದ್ರ ಎಂಬ ಆಪರೇಟರು ಎರಡು ಪೂರ್ತಿ ಸುತ್ತು ಬಿಗಿದ. ಒಂದೇ ಪಾಳಿಯಲ್ಲಿ ನಲವತ್ತು ಬಾಬಿನ್‌ಗಳ ನೂಲು ಪಟಪಟ ಕಡಿದುಹೋಯಿತು. “ಸ್ವಲ್ಪ ಅಂತ ನೀವೇ ಬರ್ದಿದ್ರಲ್ಲ ಮೇಡಂ, ನಂಗೆ ಅದೇ ಸ್ವಲ್ಪ” ಅಂದ ಅವನು. ಅವನ ಮಾತು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಅಂದು ಸಂಜೆಯೇ ‘ಸ್ವಲ್ಪ’ವನ್ನು ಹೊಡೆದು ‘ಕಾಲು ಸುತ್ತು’ ಎಂದು ಬರೆದಳು. ಅಲ್ಲಿಂದಾಚೆಗೆ ಅಳತೆ ಇಲ್ಲದ ಸೂಚನೆಯನ್ನು ಅವಳು ಕಾರ್ಡಿಗೆ ಹತ್ತಿಸಲಿಲ್ಲ.

ಮೂರು ವರ್ಷದ ಹಿಂದೆ ಆ ಯಂತ್ರಗಳು ಹೋಗಿ ಪರದೆ ಇರುವ ಹೊಸವು ಬಂದವು. ಅವು ತಾವೇ ಕನ್ನಡದಲ್ಲಿ ಸೂಚನೆ ಕೊಡುತ್ತಿದ್ದವು. ಯಶೋಧಾ ಸ್ವಯಂ ನಿವೃತ್ತಿ ತೆಗೆದುಕೊಂಡು ಹೆಬ್ಬಾಳದ ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡತೊಡಗಿದಳು. ಜೊತೆಗಿದ್ದದ್ದು ಅವ್ವ ಚಿಕ್ಕಮಾದಮ್ಮ ಒಬ್ಬಳೇ. ನಿಘಂಟು ಬೀರುವಿನ ಮೇಲೆ ಸೇರಿತು.

ಅದನ್ನು ಮತ್ತೆ ಕೆಳಗಿಳಿಸಿದ್ದು ನಜರ್‌ಬಾದಿನ ಜವರಪ್ಪ. ಅವರು ಯಶೋಧಾಗೆ ವರಸೆಯಲ್ಲಿ ಚಿಕ್ಕಪ್ಪ. ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು, ಈಗ ಮನೆಯಲ್ಲೇ ನಾಲ್ಕಾರು ಮಂದಿಗೆ ಪಾಠ ಹೇಳುತ್ತಿದ್ದರು. ಮಾರ್ಚಿನ ಒಂದು ಭಾನುವಾರ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು.

“ಇವ್ಳು ಗಗನ ಅಂತ. ನನ್ ತಾವ ಐದ್ ವರ್ಷದಿಂದ ಕಲೀತಾವ್ಳೆ. ಬೆರಳು ಅಂದ್ರೆ ಬೆರಳು ಕಣವ್ವ, ಒಂದ್ ಸ್ವರ ಜಾರಾಕಿಲ್ಲ. ಆದ್ರೆ ಹೋದ್ಸಲ ಪರೀಕ್ಷೇಲಿ ಫೇಲ್ ಮಾಡ್ಬುಟ್ರು.”

“ಯಾಕೆ ಚಿಕ್ಕಪ್ಪ?”

ಗಗನ ಫೋನಿನಲ್ಲಿ ಅಂಕಪಟ್ಟಿ ತೋರಿಸಿದಳು. ಪರೀಕ್ಷಕರು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದರು. ಸ್ವರಗಳೆಲ್ಲ ಸರಿಯಾಗಿವೆ, ಆದರೆ ಇವು ಏನನ್ನು ಹೇಳುತ್ತಿವೆ ಎಂಬುದು ನನಗೆ ಕೇಳಿಸಲಿಲ್ಲ.

“ಜಯಲಕ್ಷ್ಮಿಪುರಂನಲ್ಲಿ ಒಂದು ಸ್ಕೂಲು ಜೂನ್‌ನಿಂದ ಮ್ಯೂಸಿಕ್ ಟೀಚರ್ ಆಗಿ ಬನ್ನಿ ಅಂದಿದಾರೆ ಆಂಟಿ. ಆದ್ರೆ ಈ ಗ್ರೇಡ್ ಸರ್ಟಿಫಿಕೇಟ್ ಇರ್ಲೇಬೇಕು. ಈ ಸಲ ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ತಗೋತಾರೆ. ಇನ್ನು ಇಪ್ಪತ್ತಮೂರು ದಿನ ಇದೆ” ಅಂದಳು ಗಗನ.

ಪಾಶ್ಚಾತ್ಯ ಸಂಗೀತದ ಆ ಗ್ರೇಡ್ ಪರೀಕ್ಷೆಯಲ್ಲಿ ಮೂರು ಕೃತಿ ನುಡಿಸಬೇಕು. ಎರಡು ಪಟ್ಟಿಯಲ್ಲಿರುವವು, ಒಂದು ವಿದ್ಯಾರ್ಥಿಯ ಸ್ವಂತ ಆಯ್ಕೆ. ಜವರಪ್ಪ ಆ ಮೂರನೆಯದಕ್ಕೆ ತಮ್ಮ ಪೆಟ್ಟಿಗೆಯಿಂದ ಎರಡು ಪುಟದ ಹಳೆಯ ಮುದ್ರಿತ ಹಾಳೆಯನ್ನು ಕೊಟ್ಟಿದ್ದರು. ಹೆಸರೇ ಕೇಳಿರದ ಯಾವನೋ ಇಟಲಿಯ ಬ್ಯಾಂಡ್‌ಮಾಸ್ಟರ್ ಬರೆದದ್ದು, ಕ್ಲಾರಿನೆಟ್ ಒಂಟಿಯಾಗಿ ನುಡಿಸುವಂಥದ್ದು, ಪಿಯಾನೋ ಜೊತೆಗಾರರು ಬೇಕಿಲ್ಲ. ಅವರ ಮೇಲಧಿಕಾರಿ ಬಿಟ್ಟುಹೋದ ಕಾಗದಗಳಲ್ಲಿ ಸಿಕ್ಕಿದ್ದು. ಅವರೂ ಯಾವತ್ತೂ ನುಡಿಸಿರಲಿಲ್ಲ, ನುಡಿಸಿದ್ದನ್ನು ಕೇಳಿಯೂ ಇರಲಿಲ್ಲ.

“ಫೋರ್ಟೆ ಅಂದ್ರೆ ಜೋರು, ಪಿಯಾನೊ ಅಂದ್ರೆ ಮೆಲ್ಲಗೆ, ಇಂಥವು ನಲವತ್ತು ಐವತ್ತು ಮಾತು ನಂಗೂ ಗೊತ್ತು” ಅಂದರು ಜವರಪ್ಪ. “ಈ ಮಹಾನುಭಾವ ಉದ್ದಕ್ಕೂ ಕತೆ ಬರ್ದವ್ನೆ. ಅದು ಯಾರ್ಗೆ ತಿಳೀತದೆ? ನಮ್ ಯಶೋದನ್ನ ಬುಟ್ರೆ ಮೈಸೂರಲ್ಲಿ ಇನ್ಯಾರವ್ರೆ ಅಂತ ಕರ್ಕೊಂಬಂದ್ಬುಟ್ಟೆ.”

“ಫೋನ್‌ನಲ್ಲಿ ಫೋಟೋ ಹಿಡಿದ್ರೆ ಟ್ರಾನ್ಸ್‌ಲೇಟ್ ಆಗುತ್ತಲ್ಲ?” ಯಶೋಧಾ ಕೇಳಿದಳು.

“ಹಿಡಿದೆ ಆಂಟಿ. ಕೊನೇಗೆ ‘ಸಾಯುತ್ತಾ’ ಅಂತ ಬಂತು. ಆಮೇಲೆ ‘ಕೊಡುತ್ತೇನೆ’ ಅಂತ ಬಂತು. ಸಾಯ್ತಾ ಏನ್ ಕೊಡ್ಬೇಕೋ ಗೊತ್ತಾಗ್ಲಿಲ್ಲ.”

“ಮೊರೆಂದೊ ಅಂದ್ರೆ ಸದ್ದು ಕಮ್ಮಿಯಾಗ್ತಾ ಆಗ್ತಾ ಇಲ್ದಂಗಾಗೋದು ಕಣವ್ವ. ನೀನೇನೂ ಸಾಯ್ಬೇಡ, ನಿಮ್ಮಪ್ಪಂಗೆ ನಾನ್ ಜವಾಬು ಹೇಳ್ಬೇಕಾಯ್ತದೆ.”

ಫೋನು ಎಲ್ಲಿ ಎಡವಿತ್ತು ಎಂಬುದು ಯಶೋಧಾಗೆ ಗಗನ ತೋರಿಸಿದ ಕೊನೆಯ ಸಾಲಿನ ಚಿತ್ರ ನೋಡಿದ ಕೂಡಲೇ ತಿಳಿಯಿತು. ‘ರಾಲ್ಲೆಂತಾಂದೊ’, ಅಂದರೆ ನಿಧಾನವಾಗುತ್ತಾ ಎಂಬ ಮಾತನ್ನು ಮುದ್ರಕರು ಬಿಡಿಬಿಡಿಯಾಗಿ ಒಡೆದು, ನಡುವೆ ಗೀಟುಗಳನ್ನು ಹಾಕಿ, ಇಡೀ ಸಾಲಿನ ಉದ್ದಕ್ಕೂ ಹರಡಿದ್ದರು. ಎಲ್ಲಿಂದ ಎಲ್ಲಿಯವರೆಗೆ ನಿಧಾನವಾಗಬೇಕು ಎಂದು ತೋರಿಸುವ ಪದ್ಧತಿ ಅದು. ಫೋನಿಗೆ ಅದು ಒಂದೇ ಮಾತೆಂದು ಹೇಗೆ ತಿಳಿಯಬೇಕು? ಸಾಲಿನ ತುದಿಯಲ್ಲಿ ಒಂಟಿಯಾಗಿ ನಿಂತ ‘ದೊ’ವನ್ನು ಬಿಡಿ ಪದವೆಂದು ಓದಿ ‘ಕೊಡುತ್ತೇನೆ’ ಅಂದಿತ್ತು. ಉಳಿದ ಕಡೆ ಓರೆ ಅಕ್ಷರಗಳ ಮೇಲೆ ಸ್ವರಗಳ ಕಮಾನು ಗೆರೆಗಳು ಹಾದುಹೋಗಿ, ಫೋನಿಗೆ ಓದಲೇ ಆಗಿರಲಿಲ್ಲ.

ಬಹಳ ದಿನದ ಮೇಲೆ ಅವಳ ಕೈ ನಿಘಂಟಿಗಾಗಿ ತವಕಿಸಿತು.

“ಎಲ್ಲಾ ಫೋಟೋನೂ ಕಳ್ಸು. ಎರಡು ದಿನ ಕೊಡು.”

ರಾತ್ರಿ ಊಟಕ್ಕೆ ಮುಂಚೆಯೇ, ಆಗಲೇ ಅರ್ಥ ತಿಳಿದಿದ್ದ ಮೊರೆಂದೊವನ್ನು ಬಿಟ್ಟು, ಏಳು ಚಿತ್ರಗಳು ಬಂದವು. ಪ್ರತಿಯೊಂದೂ ಒಂದು ತೆಳ್ಳನೆಯ ಪಟ್ಟಿ, ಅದರಲ್ಲಿ ಒಂದೊಂದು ಮಾತು. ಯಶೋಧಾ ಅವಕ್ಕೆ ಒಂದರಿಂದ ಏಳರವರೆಗೆ ಸಂಖ್ಯೆ ಹಾಕಿ, ಹಳೆಯ ಕಾರ್ಡುಗಳ ಕಟ್ಟಿನಿಂದ ಖಾಲಿಯದೊಂದನ್ನು ತೆಗೆದು, ಮೂರು ಕಾಲಂ ಎಳೆದಳು.

ಮೊದಲನೆಯದು ‘ಆಂದಾಂತೆ, ಕ್ವಾಸಿ ಪಾರ್ಲಾಂದೊ’. ನಡಿಗೆಯ ವೇಗದಲ್ಲಿ, ಹೆಚ್ಚುಕಡಿಮೆ ಮಾತಾಡಿದಂತೆ. ನಡಿಗೆ ಎಂದರೆ ಎಷ್ಟು? ತಾಳ ಎಣಿಸುವ ಮೆಟ್ರೊನೋಮ್ ಎಂಬ ಉಪಕರಣದ ಮೇಲೆ ಅದಕ್ಕೆ ನಿಮಿಷಕ್ಕೆ ಎಪ್ಪತ್ತಾರರಿಂದ ನೂರೆಂಟು ಬಡಿತ ಎಂದು ಇರುತ್ತದೆಂದು ಹುಡುಕಿ ತಿಳಿದುಕೊಂಡಳು. ಎರಡರ ನಡುವಿನ ತೊಂಬತ್ತೆರಡನ್ನು ಬರೆದಳು. ಎರಡನೆಯದು ‘ಪ್ಯೂ ಲೆಂತೊ, ಲೊಂತಾನೊ’. ಇನ್ನೂ ನಿಧಾನ, ದೂರದಿಂದ ಬಂದಂತೆ. ಎಪ್ಪತ್ತೆರಡು. ಮೂರನೆಯದು ‘ಕೊನ್ ಉನಾ ಚೆರ್ತಾ ಎಸಿತಾತ್ಸಿಯೋನೆ’, ಒಂದು ಬಗೆಯ ಹಿಂಜರಿಕೆಯಿಂದ. ಇದಕ್ಕೆ ಬಹಳ ಹೊತ್ತು ಯೋಚಿಸಿ ‘ಅರ್ಧ ಸೆಕೆಂಡು ತಡ’ ಎಂದು ಬರೆದಳು. ನಾಲ್ಕನೆಯದು ‘ರಿಪ್ರೆಂದೆಂದೊ ಆನಿಮೊ’, ಮತ್ತೆ ಧೈರ್ಯ ತಂದುಕೊಳ್ಳುತ್ತಾ. ಎಂಬತ್ತರಿಂದ ತೊಂಬತ್ತೆರಡಕ್ಕೆ ಏರಿಕೆ. ಐದನೆಯದು ‘ಕೋಮೆ ಪ್ರೀಮಾ’. ಮೊದಲಿನಂತೆ. ಮೊದಲಿದ್ದದ್ದು ತೊಂಬತ್ತೆರಡು, ಸುಲಭವಾಯಿತು. ಆರನೆಯದು ‘ಪೋಕೊ ಅ ಪೋಕೊ ರಾಲ್ಲೆಂತಾಂದೊ’, ಸ್ವಲ್ಪ ಸ್ವಲ್ಪವಾಗಿ ನಿಧಾನವಾಗುತ್ತಾ.

ಪೋಕೊ! ಹಳೆಯ ಶತ್ರು. ಮಹೇಂದ್ರನ ಎರಡು ಸುತ್ತು ನೆನಪಾಗಿ ಅವಳಿಗೆ ನಗು ಬಂತು. ಆ ಗೀಟುಗಳು ಎಷ್ಟು ದೂರ ಹರಡಿವೆ ಎಂದು ಗಗನಳನ್ನು ಕೇಳಿದಳು. ನಿಲುಗೆರೆಗಳಿಂದ ಬೇರೆಯಾದ ಆರು ತಾಳದ ಭಾಗ ಎಂದು ಉತ್ತರ ಬಂತು. ಭಾಗಕ್ಕೆ ಐದು ಬಡಿತ ಕಡಿಮೆ, ಆರು ಭಾಗಕ್ಕೆ ಮೂವತ್ತು. ತೊಂಬತ್ತೆರಡರಿಂದ ಅರವತ್ತೆರಡು.

ಏಳನೆಯದು ಅದೇ ಸಾಲಿನ ಕೆಳಗಿದ್ದದ್ದು: ‘ಕೋಮೆ ಕಿ ಕುಲ್ಲಾ ಎ ಸದ್ದೊರ್ಮೆಂತಾ’. ತೊಟ್ಟಿಲು ತೂಗುತ್ತಾ ತಾನೇ ನಿದ್ದೆಹೋಗುವವರಂತೆ. ಕನ್ನಡ ಕಾಲಮ್ಮಿನಲ್ಲಿ ಅದನ್ನು ಅಂದವಾಗಿ ಬರೆದಳು. ಮೂರನೆಯ ಕಾಲಮ್ಮಿನಲ್ಲಿ ‘ಮೇಲಿನಂತೆ’ ಎಂದು ಹಾಕಿದಳು.

ಕಾರ್ಡಿನ ಫೋಟೋ ಸಿಕ್ಕಿದ್ದೇ ಗಗನ ಹಿಗ್ಗಿದಳು. “ಸೂಪರ್ ಆಂಟಿ, ಹೀಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ” ಎಂದು ಬರೆದಳು. ಸಂಖ್ಯೆ ಅವಳಿಗೂ ಇಷ್ಟ. ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ದಿನಕ್ಕೆ ಮೂರು ಗಂಟೆ ಕೂತಳು.

ಪರೀಕ್ಷೆಗೆ ಹದಿನಾಲ್ಕು ದಿನ ಉಳಿದಾಗ ಜವರಪ್ಪನವರ ಮನೆಯಲ್ಲಿ ನುಡಿಸಿ ನೋಡುವುದೆಂದಾಯಿತು. ಯಶೋಧಾ ಅವ್ವನನ್ನೂ ಕರೆದುಕೊಂಡು ಹೋದಳು. ನಡುಮನೆಯಲ್ಲಿ ನಾಲ್ಕು ಕುರ್ಚಿ, ಗೋಡೆಯ ಮೇಲೆ ಅಂಬೇಡ್ಕರರ ಚಿತ್ರ, ಅದರ ಪಕ್ಕ ಬ್ಯಾಂಡಿನ ಸಮವಸ್ತ್ರದಲ್ಲಿ ಜವರಪ್ಪ. ಗಗನ ನಿಂತು ನುಡಿಸಿದಳು.

ಯಶೋಧಾ ಮೊದಲ ಸಲ ಆ ಸಂಗೀತವನ್ನು ಕೇಳುತ್ತಿದ್ದಳು. ಮೊಣಕಾಲ ಮೇಲೆ ಕಾರ್ಡು ಇಟ್ಟುಕೊಂಡು ಬೆರಳಿನಿಂದ ಸಾಲು ಹಿಂಬಾಲಿಸಿದಳು. ಎಲ್ಲವೂ ಕಾರ್ಡಿನಲ್ಲಿದ್ದಂತೆಯೇ ಬಂತು. ಹಿಂಜರಿಕೆ ಸರಿಯಾಗಿ ಅರ್ಧ ಸೆಕೆಂಡು. ಕೊನೆಯ ಆರು ಭಾಗಗಳು ಐದೈದೇ ಬಡಿತ ಇಳಿದವು. ಒಂದೂ ತಪ್ಪಿರಲಿಲ್ಲ. ಆದರೂ ಏನೋ ಮುಜುಗರ. ಅದು ಏನೆಂದು ಅವಳಿಗೆ ಹಿಡಿಯಲಾಗಲಿಲ್ಲ.

ಜವರಪ್ಪ ಗಡ್ಡ ಕೆರೆದುಕೊಂಡರು. “ಎಲ್ಲಾ ಕರೆಕ್ಟಾಗದೆ...”

“ಆದ್ರೆ?” ಗಗನ ಕೇಳಿದಳು.

“ಕೊನೇಲಿ ಲಿಫ್ಟ್‌ನಾಗೆ ಇಳ್ದಂಗಾಯ್ತದೆ ಕಣವ್ವ. ಐದ್ನೇ ಮಹಡಿ, ನಾಕ್ನೇ ಮಹಡಿ, ಮೂರ್ನೇದು...”

ಚಿಕ್ಕಮಾದಮ್ಮ ಮಗಳ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳಿಸುವ ಹಾಗೆ ಪಿಸುಗುಟ್ಟಿದಳು. “ಚಂದಾಗೆ ಊದ್ತದೆ ಮಗಾ. ಆದ್ರೆ ಯಾಕೆ ಯಾರೋ ಬಯ್ತಾವ್ರೆ ಅನ್ನಂಗೆ ಮೈ ಬಿಗ್ದುಕೊಂಡದೆ?”

ಗಗನಳ ಕಣ್ಣು ತುಂಬಿತು. “ಹೋದ್ಸಲಾನೂ ಇದೇ ಆಂಟಿ. ಎಲ್ಲಾ ಸರಿ, ಎಲ್ಲಾ ಸರಿ ಅಂದು ಫೇಲ್ ಮಾಡಿದ್ರು.”

ಯಶೋಧಾಗೆ ಕೆನ್ನೆ ಬಿಸಿಯಾಯಿತು. ಅವಳ ಕಾರ್ಡು ಅಂಟಿಸಿದ ಯಂತ್ರ ಹೀಗೆ ನಡೆದಿದ್ದರೆ ಅವತ್ತು ಸಂತೋಷಪಡುತ್ತಿದ್ದಳು. ಇಲ್ಲಿ ತಪ್ಪು ಯಾವ ಕಾಲಮ್ಮಿನಲ್ಲಿದೆ?

“ಆ ಹಾಳೆ ಒಂದು ಸಲ ಕೊಡು ನೋಡೋಣ” ಅಂದಳು.

ಗಗನ ಸ್ಟ್ಯಾಂಡಿನಿಂದ ಎರಡು ಪುಟವನ್ನೂ ತೆಗೆದು ಕೊಟ್ಟಳು. ಯಶೋಧಾ ಇಡೀ ಪುಟವನ್ನು ನೋಡಿದ್ದು ಅದೇ ಮೊದಲು.

“ನನಗೆ ಬರೀ ಪಟ್ಟಿಗಳನ್ನ ಯಾಕೆ ಕಳ್ಸಿದ್ದೆ?”

“ನಿಮಗೆ ನೋಟ್ಸ್ ಬರಲ್ಲ ಅಂತ ಸರ್ ಹೇಳಿದ್ರು. ಅದಕ್ಕೆ ಸ್ವರಗಳನ್ನೆಲ್ಲ ತೆಗೆದು ಮಾತುಗಳನ್ನಷ್ಟೇ ಕತ್ತರಿಸಿ ಕಳ್ಸಿದೆ. ನಿಮಗೆ ತೊಂದ್ರೆ ಆಗ್ದಿರ್ಲಿ ಅಂತ.”

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು. ತಾನೂ ಕೇಳಲಿಲ್ಲವಲ್ಲ ಎಂದುಕೊಂಡಳು ಯಶೋಧಾ. ಯಂತ್ರದ ಪುಸ್ತಕದಲ್ಲಿ ಪ್ರತಿ ಸೂಚನೆಯೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ‘ತಿರುಪು ನಾಲ್ಕನ್ನು ಕಾಲು ಸುತ್ತು ಬಿಗಿ ಮಾಡಿ’ ಎಂಬುದಕ್ಕೆ ಹಿಂದಿನ ಪುಟ ಬೇಕಿಲ್ಲ. ಆದರೆ ‘ಇನ್ನೂ ನಿಧಾನ’ ಎಂಬುದಕ್ಕೆ? ‘ಮೊದಲಿನಂತೆ’ ಎಂಬುದಕ್ಕೆ?

ಅವಳು ಪುಟಗಳ ಫೋಟೋ ಹಿಡಿದಳು. ಈ ಸಲ ಅಂಚಿನಿಂದ ಅಂಚಿಗೆ, ಹಾಳೆಯ ಮೇಲೆ ಕಿಟಕಿಯ ಬೆಳಕು ಬೀಳುವಂತೆ.

ಮರುದಿನ ಪಾಠಕ್ಕೆ ಬಂದ ಮಕ್ಕಳನ್ನು ಬೇಗ ಕಳಿಸಿ, ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿಕೊಂಡು ಕೂತಳು. ಸ್ವರ ಓದಲು ಅವಳಿಗೆ ಬರುತ್ತಿರಲಿಲ್ಲ, ನಿಜ. ಆದರೆ ವೈರಿಂಗಿನ ನಕ್ಷೆಗಳಲ್ಲಿ ಒಂದೇ ಆಕಾರ ಎಲ್ಲೆಲ್ಲಿ ಮರುಕಳಿಸುತ್ತದೆ ಎಂದು ಹುಡುಕಿ ರೂಢಿಯಿತ್ತು. ಕಪ್ಪು ಚುಕ್ಕೆಗಳು ಏರುವುದು ಇಳಿಯುವುದು ಕಣ್ಣಿಗೆ ಕಾಣುತ್ತದಲ್ಲ. ಎರಡನೆಯ ಪುಟದಲ್ಲಿ ‘ಮೊದಲಿನಂತೆ’ ಎಂದಿದ್ದ ಜಾಗದ ಆಕಾರವನ್ನು ಟ್ರೇಸಿಂಗ್ ಕಾಗದದ ಮೇಲೆ ಬಿಡಿಸಿಕೊಂಡು ಮೊದಲ ಪುಟದ ಮೇಲೆ ಇಟ್ಟು ಸರಿಸಿದಳು. ಶುರುವಿನ ಸಾಲಿಗೆ ಅದು ಹೊಂದಲಿಲ್ಲ. ನಾಲ್ಕನೆಯ ಸಾಲಿಗೆ ಬಂದಾಗ ಚುಕ್ಕೆಯ ಮೇಲೆ ಚುಕ್ಕೆ ಕೂತಿತು. ಅದು ‘ಇನ್ನೂ ನಿಧಾನ, ದೂರದಿಂದ ಬಂದಂತೆ’ ಎಂಬ ಜಾಗ.

ಅಂದರೆ ಇಲ್ಲಿ ‘ಮೊದಲಿನಂತೆ’ ಎಂದರೆ ಶುರುವಿನಂತೆ ಅಲ್ಲ. ದೂರದಿಂದ ಬಂದ ಆ ಹಾಡೇ ಮತ್ತೆ ಬರುತ್ತಿದೆ, ಮತ್ತೆ ಹಾಗೆಯೇ ದೂರದಿಂದ. ಅವಳು ಹಾಕಿದ್ದ ತೊಂಬತ್ತೆರಡು ಖಡಾಖಂಡಿತ ತಪ್ಪು. ಅದರ ಮೇಲೆ ಕಟ್ಟಿದ ಆ ಐದೈದರ ಲೆಕ್ಕವೂ ತಪ್ಪು. ತಪ್ಪು ಸಿಕ್ಕಿದ್ದಕ್ಕೆ ಅವಳಿಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಕುರ್ಚಿ ಎಳೆದುಕೊಂಡು ಇನ್ನಷ್ಟು ಹತ್ತಿರ ಕೂತಳು.

‘ಮತ್ತೆ ಧೈರ್ಯ ತಂದುಕೊಳ್ಳುತ್ತಾ’ ಎಂಬುದರ ಹಿಂದೆ ಒಂದು ಇಡೀ ಭಾಗ ಖಾಲಿಯಿತ್ತು, ಅದರ ಮೇಲೆ ಕಮಾನಿನ ಕೆಳಗೊಂದು ಚುಕ್ಕೆ. ಏನೆಂದು ಜವರಪ್ಪನವರಿಗೆ ಫೋನು ಮಾಡಿದಳು.

“ಅಲ್ಲಿ ಮೌನ ಕಣವ್ವ. ಎಷ್ಟೊತ್ತು ಅಂತ ನುಡ್ಸೋರ ಇಷ್ಟ.”

“ನುಡ್ಸೋರ ಇಷ್ಟಾನಾ! ಅಳತೆ ಇಲ್ವಾ?”

“ಇಲ್ಲ. ಅದ್ಕೇ ಅಲ್ವಾ ಮನುಷ್ಯರು ನುಡ್ಸೋದು.”

ಹಿಂಜರಿಕೆಯ ಮಾತು ನಿಂತಿದ್ದು ಇಡೀ ಪುಟದ ಅತಿ ಎತ್ತರದ ಸ್ವರಕ್ಕೆ ಒಂದು ಹೆಜ್ಜೆ ಹಿಂದೆ. ‘ಒಂದು ಬಗೆಯ’ ಹಿಂಜರಿಕೆ ಎಂದಿದ್ದಾನೆ. ಯಾವ ಬಗೆ? ಅರ್ಧ ಸೆಕೆಂಡು ಎಂದು ಬರೆದಾಗ ಈ ಪ್ರಶ್ನೆಯನ್ನೇ ತಾನು ಕೇಳಿಕೊಳ್ಳಲಿಲ್ಲ. ಎರಡು ದಿನ ಹೋದಲ್ಲೆಲ್ಲ ಹಿಂಜರಿಯುವವರನ್ನು ನೋಡುತ್ತಾ ತಿರುಗಿದಳು. ಔಷಧಿ ಅಂಗಡಿಯಲ್ಲಿ ಚೀಟಿ ಕೊಡಲು ನಾಚುತ್ತಿದ್ದವನೊಬ್ಬ ಸಿಕ್ಕ. ಅದು ಅಲ್ಲ. ಶುಕ್ರವಾರ ಬೆಳಿಗ್ಗೆ ಹೆಬ್ಬಾಳದ ಬಸ್ಸಿನಲ್ಲಿ ಸಿಕ್ಕಿತು. ಪಾಳಿಗೆ ಹೊರಟ ಹೊಸ ಹೆಂಗಸೊಬ್ಬಳು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟು, ಇನ್ನೊಂದನ್ನು ನೆಲದಲ್ಲೇ ಬಿಟ್ಟು, “ಇದು ಫ್ಯಾಕ್ಟರಿ ಕಡೆ ಹೋಗ್ತದಾ?” ಎಂದು ಕೇಳಿದಳು. ಕಂಡಕ್ಟರು ತಲೆಯಾಡಿಸುವವರೆಗೆ ಹಾಗೆಯೇ ನಿಂತಿದ್ದಳು. ಹೆದರಿರಲಿಲ್ಲ, ಹತ್ತುವ ಮನಸ್ಸಿತ್ತು. ಹೌದೆಂದು ಒಂದು ಮಾತು ಬೇಕಿತ್ತು, ಅಷ್ಟೆ. ಯಶೋಧಾ ಟಿಕೆಟ್ಟಿನ ಹಿಂದೆ ಬರೆದುಕೊಂಡಳು.

ಕೊನೆಯ ಸಾಲು ಮಾತ್ರ ಬಗೆಹರಿಯಲಿಲ್ಲ. ಅಲ್ಲಿ ಗಗನಳಿಗೂ ಒಂದು ಅನುಮಾನವಿತ್ತು. ಶನಿವಾರ ಮನೆಗೆ ಬಂದವಳು ಪರದೆಯ ಮೇಲೆ ಬೆರಳಿಟ್ಟಳು.

“ಇಲ್ನೋಡಿ ಆಂಟಿ. ಸದ್ದು ಕಮ್ಮಿಯಾಗ್ತಾ, ನಿಧಾನವಾಗ್ತಾ ಹೋಗ್ತಿದೆ. ನಾಕನೇ ಭಾಗದಲ್ಲಿ ಈ ಎರಡು ಸ್ವರಕ್ಕೆ ಒತ್ತು ಗುರುತು ಇದೆ. ನಿದ್ದೆ ಬರೋ ಹೊತ್ತಲ್ಲಿ ಯಾರು ಒತ್ತಿ ನುಡಿಸ್ತಾರೆ? ಪ್ರಿಂಟ್ ಮಿಸ್ಟೇಕು ಅಂತ ನಾನು ಬಿಟ್ಟಿದೀನಿ. ಸರ್ ಕೂಡ ಹೂಂ ಅಂದ್ರು.”

ಕ್ಲಾರಿನೆಟ್ಟಿನ ಸ್ವರವೊಂದರ ಮೇಲೆ ಬಾಣದ ತುದಿಯಂಥ ಗುರುತಿದ್ದರೆ ಅದನ್ನು ತುಸು ಒತ್ತಿ ಶುರುಮಾಡಬೇಕು ಎಂದು ಗಗನ ವಿವರಿಸಿದಳು. ಅಂಥವು ಎರಡು, ಅಕ್ಕಪಕ್ಕ.

“ಎರಡು ಸಲ ತಪ್ಪಾಗಿ ಅಚ್ಚಾಗೋದು ಕಷ್ಟ” ಅಂದಳು ಯಶೋಧಾ. “ಒಂದಾಗಿದ್ರೆ ನಂಬಬೌದಿತ್ತು.”

ಗೋಡೆಗೆ ಒರಗಿ ಅವರೆಕಾಳು ಬಿಡಿಸುತ್ತಿದ್ದ ಚಿಕ್ಕಮಾದಮ್ಮ ಕೇಳಿದಳು. “ಏನದು, ಯಾರು ಮಲಗೋದು?”

“ಅವ್ವ, ಮಗೂನ ತೂಗ್ತಾ ತೂಗ್ತಾ ತೂಗೋರಿಗೇ ನಿದ್ದೆ ಬಂದ್ಬಿಡುತ್ತಂತೆ. ಅದನ್ನ ಇವ್ಳು ನುಡಿಸ್ಬೇಕು. ನೀನು ನಮ್ಮನ್ನ ಹೆಂಗೆ ತೂಗ್ತಿದ್ದೆ?”

“ತೊಟ್ಲು ಎಲ್ಲಿತ್ತು ನಮ್ಗೆ? ತೊಡೆ ಮೇಲೆ ಆಕ್ಕೊಂಡು ತಟ್ತಿದ್ದೆ. ಇಡೀ ದಿನ ಕಳೆ ಕಿತ್ತು ಬಂದಿರ್ತಿದ್ದೆ. ನೀನಾ, ಕಣ್ಣು ಪಿಳಿಪಿಳಿ ಬುಟ್ಕೊಂಡು ನೋಡೀಯೆ. ನಿಂಗಿಂತ ಮುಂಚೆ ನಂಗೇ ನಿದ್ದೆ.”

“ತೋರ್ಸು.”

“ಥೂ, ಮುದುಕಿ ಕೈಲಿ ಆಟ ಆಡುಸ್ತೀಯಾ?” ಅಂದಳಾದರೂ ಮೊರವನ್ನು ಪಕ್ಕಕ್ಕೆ ಸರಿಸಿ, ದಿಂಬೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಂಗೈ ದಿಂಬಿನ ಮೇಲೆ ಬಿದ್ದು ಏಳತೊಡಗಿತು. ಶುರುವಿಗೆ ಸಮನಾಗಿ ತಟ್ಟಿತು. ನಿಧಾನವಾಯಿತು. ಅವ್ವನ ರೆಪ್ಪೆ ಅರ್ಧ ಮುಚ್ಚಿತು. ಕೈ ಒಂದು ಸಲ ಗಾಳಿಯಲ್ಲೇ ಮರೆತು ನಿಂತಿತು. ಆಮೇಲೆ ತಲೆ ಮುಂದಕ್ಕೆ ವಾಲಿ, ತಟ್ಟನೆ ಎಚ್ಚೆತ್ತು, ದಪ್ ದಪ್ ಎಂದು ಎರಡು ಪೆಟ್ಟು ಜೋರಾಗಿ ತಟ್ಟಿದಳು. ಮತ್ತೆ ಮೆಲ್ಲಗೆ. ಇನ್ನೂ ಮೆಲ್ಲಗೆ. ಕೊನೆಗೆ ಕೈ ದಿಂಬಿನ ಮೇಲೆ ಹಾಗೆಯೇ ಉಳಿಯಿತು.

ಗಗನ ಪರದೆ ನೋಡಿದಳು, ಅವ್ವನ ಕೈ ನೋಡಿದಳು. “ಎರಡು” ಅಂದಳು.

“ಅದು ಯಾಕೆ ಎರಡು ಅಷ್ಟು ಜೋರಾಗಿ ತಟ್ಟಿದ್ದು ಅವ್ವ?”

“ಅಯ್ಯೋ, ತೂಕಡಿಸ್ಬುಟ್ಟೆ ಅಂತ ನಂಗೇ ದಿಗಿಲಾಯ್ತದಲ್ಲ! ಮಗ ಎದ್ದೋಯ್ತೋ ಏನೋ ಅಂತ ಎರಡು ಬಿಗಿಯಾಗಿ ತಟ್ಟದು. ಎಲ್ಲಾ ಅಂಗೇ ಅಲ್ವಾ ಮಾಡೋದು? ಇದ್ನ ಬರ್ದೂ ಅವ್ರಾ ಆ ಊರೋರು?”

ಬರೆದಿದ್ದರು. ಆ ಬ್ಯಾಂಡ್‌ಮಾಸ್ಟರ್ ಯಾವ ಮನೆಯ ಮೂಲೆಯಲ್ಲಿ ಕೂತು ಯಾರ ಕೈಯನ್ನು ನೋಡಿದ್ದನೋ, ಎರಡು ಬಾಣದ ಗುರುತುಗಳಲ್ಲಿ ಅದನ್ನು ಇಟ್ಟುಹೋಗಿದ್ದ.

ಆಮೇಲೆ ಯಶೋಧಾ ಹೊಸ ಕಾರ್ಡು ಬರೆದಳು. ಕಾಲಂ ಮೂರೇ. ಮೂರನೆಯದರಲ್ಲಿ ಈಗ ಸಂಖ್ಯೆ ಇರುವುದು ಎರಡೇ ಕಡೆ, ಅದೂ ಪಕ್ಕದಲ್ಲಿ ‘ಸುಮಾರು’ ಎಂದು ಸೇರಿಸಿ. ಅವಳ ಕೈಯಲ್ಲಿ ಆ ಮಾತು ಬರೆಸುವುದು ಕಾರ್ಖಾನೆಯಲ್ಲಿ ಯಾರಿಂದಲೂ ಆಗಿರಲಿಲ್ಲ. ಹಿಂಜರಿಕೆಯ ಮುಂದೆ ‘ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಕಂಡಕ್ಟರು ಹೂಂ ಅನ್ನುವವರೆಗೆ’ ಎಂದಿತ್ತು. ಮೌನವಾದ ಮೇಲಿನ ಧೈರ್ಯಕ್ಕೆ ‘ಅತ್ತು ಮುಗಿಸಿ ಮುಖ ತೊಳೆದುಕೊಂಡು ಒಲೆ ಹಚ್ಚಲು ಹೋಗುವವಳು’. ‘ಮೊದಲಿನಂತೆ’ಯ ಮುಂದೆ ‘ನಾಲ್ಕನೆಯ ಸಾಲು ನೋಡು’. ಕೊನೆಯದಕ್ಕೆ ಬರೀ ‘ಅವ್ವನ ಕೈ’.

ಗಗನ ಉಳಿದ ದಿನಗಳಲ್ಲಿ ಮೆಟ್ರೊನೋಮ್ ಆರಿಸಿ ನುಡಿಸಿದಳು. ಮೊದಲೆರಡು ದಿನ ಕಷ್ಟವಾಯಿತು. “ಎಣಿಸ್ದೇ ಇದ್ರೆ ಬೀಳ್ತೀನಿ ಅನ್ಸುತ್ತೆ ಆಂಟಿ” ಅಂದಳು. ಹೆಬ್ಬಾಳಕ್ಕೆ ಮೂರು ಸಲ ಬಂದು ಚಿಕ್ಕಮಾದಮ್ಮನ ಎದುರು ಕೂತು ಕೊನೆಯ ಸಾಲನ್ನು ಅವಳ ಕೈಗೆ ತಕ್ಕ ಹಾಗೆ ನುಡಿಸಿದಳು. ಚಿಕ್ಕಮಾದಮ್ಮ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ತೂಕಡಿಸುತ್ತಿದ್ದಳು.

“ಅಜ್ಜಿ, ನಿನ್ನೆ ಇಲ್ಲಿ ಎಚ್ಚರ ಆಗಿತ್ತಲ್ಲ!”

“ನಿನ್ನೆ ನಿನ್ನೇದು ಕಣಮ್ಮಿ. ಇವತ್ತು ಬ್ಯಾರೆ ಮಗ, ಬ್ಯಾರೆ ನಿದ್ದೆ.”

ಮೂರನೆಯ ಸಲ ಗಗನ ಹಾಳೆ ನೋಡಲಿಲ್ಲ. ಎರಡು ಒತ್ತಿನ ಸ್ವರಗಳನ್ನು, ಅವ್ವ ತಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ, ತಾನೇ ಬೆಚ್ಚಿದಂತೆ ನುಡಿಸಿದಳು. ಅವ್ವ ಕಣ್ಣುಬಿಟ್ಟು “ಏ, ಎಬ್ರುಸ್ಬುಟ್ಟೆ” ಅಂದಳು. ಆ ದಿನದಿಂದ ಯಶೋಧಾ ಕಾರ್ಡನ್ನು ಎದುರಿಗೆ ಇಡಲಿಲ್ಲ.

ಪರೀಕ್ಷೆ ನಡೆದದ್ದು ಒಂದು ಶಾಲೆಯ ಸಂಗೀತದ ಕೋಣೆಯಲ್ಲಿ. ಪರೀಕ್ಷಕರು ಹೊರದೇಶದಿಂದ ಬಂದ ಬಿಳಿಗಡ್ಡದ ದೊಡ್ಡ ಮನುಷ್ಯ. ಒಳಗೆ ಯಾರನ್ನೂ ಬಿಡುವುದಿಲ್ಲ. ಜವರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಯಶೋಧಾ ಅವರ ಪಕ್ಕ. ಮೊದಲೆರಡು ಕೃತಿ ಮುಗಿದವು. ಮೂರನೆಯದು ಶುರುವಾದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಾಗಿಲಿನ ಮರದ ಮೂಲಕ ಕ್ಲಾರಿನೆಟ್ ತುಸು ಮಂಕಾಗಿ ಕೇಳಿಸುತ್ತಿತ್ತು. ಹಾಡು ಏರಿತು, ಎತ್ತರದ ಸ್ವರಕ್ಕೆ ಮುಂಚೆ ನಿಂತಿತು. ಯಶೋಧಾಗೆ ಬಸ್ಸಿನ ಮೆಟ್ಟಿಲು ಕಂಡಿತು. ಹತ್ತು ಮಗಾ, ಅಂದುಕೊಂಡಳು. ಹತ್ತಿತು. ಮೌನದ ಭಾಗ ಎಷ್ಟು ಉದ್ದವಾಯಿತೆಂದರೆ ಜವರಪ್ಪ ಬೆಂಚಿನಿಂದ ಅರ್ಧ ಎದ್ದರು.

“ಮರ್ತ್‌ಬುಟ್ಳಾ?”

“ಇಲ್ಲ ಚಿಕ್ಕಪ್ಪ, ಮುಖ ತೊಳೀತಾ ಇದಾಳೆ. ಕೂತ್ಕೊಳಿ.”

ಕೊನೆಯ ಸಾಲು ಬಂತು. ಮೆಲ್ಲಗಾಯಿತು, ಮರೆಯಿತು, ಬೆಚ್ಚಿ ಎರಡು ಸ್ವರ, ಮತ್ತೆ ಮೆಲ್ಲಗೆ. ಯಾವ ಕ್ಷಣದಲ್ಲಿ ಸದ್ದು ನಿಂತಿತೆಂದು ಹೊರಗಿದ್ದವರಿಗೆ ತಿಳಿಯಲಿಲ್ಲ. ಕಾರಿಡಾರಿನ ಫ್ಯಾನಿನ ಸದ್ದಷ್ಟೇ ಉಳಿದಿತ್ತು. ಒಳಗಿನಿಂದಲೂ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಗಗನ ಹೊರಗೆ ಬಂದಾಗ ಮುಖ ಬಿಳಿಚಿತ್ತು. “ಅವ್ರು ಏನೂ ಮಾತಾಡ್ಲಿಲ್ಲ. ಪೆನ್ನು ಹಿಡ್ಕೊಂಡು ಸುಮ್ನೆ ಕೂತಿದ್ರು. ಆಮೇಲೆ ‘ಥ್ಯಾಂಕ್ಯೂ’ ಅಂದ್ರು. ಹೋಯ್ತು ಅನ್ಸುತ್ತೆ ಸರ್.”

ಐದು ವಾರದ ನಂತರ, ಜೂನಿಗೆ ನಾಲ್ಕು ದಿನ ಮುಂಚೆ, ಫಲಿತಾಂಶ ಬಂತು. ಗಗನ ಸ್ಕೂಟರಿನಲ್ಲಿ ನೇರ ಹೆಬ್ಬಾಳಕ್ಕೆ ಬಂದು, ಚಪ್ಪಲಿ ಕಳಚುವುದನ್ನೂ ಮರೆತು, ನಡುಮನೆಯಲ್ಲಿ ನಿಂತಳು. ಪಾಸಾಗಿದ್ದಳು. ನೂರಕ್ಕೆ ಎಂಬತ್ತೊಂದು. ಶಾಲೆಯವರಿಗೆ ಆಗಲೇ ಫೋನು ಮಾಡಿದ್ದಳು, ಸೋಮವಾರ ಬರಲು ಹೇಳಿದ್ದರು.

“ಅಜ್ಜಿಗೆ ಓದಿ ಹೇಳಿ ಆಂಟಿ, ಇದು ಅಜ್ಜಿಗೇ ಬರ್ದಿರೋದು” ಎಂದು ಫೋನನ್ನು ಯಶೋಧಾಳ ಕೈಗೆ ಕೊಟ್ಟಳು.

ಮೂರನೆಯ ಕೃತಿಯ ಮುಂದೆ ಪರೀಕ್ಷಕರು ಎರಡು ಸಾಲು ಬರೆದಿದ್ದರು. ಯಶೋಧಾ ಮನಸ್ಸಿನಲ್ಲೇ ಒಂದು ಸಲ ಓದಿಕೊಂಡು, ಎಂದಿನಂತೆ ಪದಕ್ಕೆ ಪದ ತೂಗಿ, ಅವ್ವನಿಗೆ ಕನ್ನಡದಲ್ಲಿ ಹೇಳಿದಳು. “ಎತ್ತರದ ಸ್ವರದ ಶ್ರುತಿ ತುಸು ಏರಿತು, ಗಮನವಿರಲಿ. ಕೊನೆಯ ಸಾಲಿನಲ್ಲಿ ನಾನು ಸ್ವಲ್ಪ ಹೊತ್ತು ಬರೆಯುವುದನ್ನೇ ಮರೆತೆ.”

ಚಿಕ್ಕಮಾದಮ್ಮ ಯೋಚಿಸಿದಳು.

“ಪಾಪ” ಅಂದಳು, “ಆಯಪ್ಪಂಗೂ ನಿದ್ದೆ ಬಂದ್ಬುಟ್ಟದೆ. ಎಷ್ಟ್ ದೂರದಿಂದ ಬಂದಿದ್ನೋ ಏನೋ.”